ರಜೆಯೇ ಇಲ್ಲದ ಕೆಲಸದಲ್ಲಿ ಹತ್ತು ದಿನ ಕೇಳುವುದು

ವೈದ್ಯರು ಚೀಟಿಯ ಮೇಲೆ ಎರಡು ದಿನಾಂಕ ಬರೆದುಕೊಟ್ಟರು: 13 ಮತ್ತು 27. ಎರಡೂ ಮಂಗಳವಾರ. ಅಮ್ಮನ ಮಂಡಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಯಾವುದು ಅನುಕೂಲವೋ ನೋಡಿ ಒಂದು ವಾರದೊಳಗೆ ತಿಳಿಸಿ ಎಂದರು. ಹಿಂದಿನ ದಿನ ದಾಖಲಾಗಬೇಕು, ನಾಲ್ಕೈದು ದಿನ ಆಸ್ಪತ್ರೆ, ಮನೆಗೆ ಬಂದ ಮೇಲೆ ಮೊದಲ ವಾರ ಯಾರಾದರೂ ಸದಾ ಜೊತೆಗಿರಬೇಕು. ಒಟ್ಟು ಎರಡು ವಾರ. ನನ್ನ ಲೆಕ್ಕದಲ್ಲಿ ಹತ್ತು ಶಿಫ್ಟ್.

ನಾನು ಕೆಲಸ ಮಾಡುವುದು ಒಂದು ಕಂಪನಿಯ ಗ್ರಾಹಕ ವಿಚಾರಣೆಯ ಫೋನ್ ವಿಭಾಗದಲ್ಲಿ, ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ, ಸೋಮವಾರದಿಂದ ಶುಕ್ರವಾರ. ಆದರೆ ಆ ಕಂಪನಿಯ ನೌಕರರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ನನ್ನನ್ನು ಅಲ್ಲಿಗೆ ಕಳಿಸುವುದು ಒಂದು ಏಜೆನ್ಸಿ. ಗಂಟೆಗೆ ಇಷ್ಟು ಎಂದು ಕಂಪನಿಯಿಂದ ಹಣ ಪಡೆದು, ಅದರಲ್ಲಿ ತನ್ನ ಪಾಲು ಇಟ್ಟುಕೊಂಡು, ಉಳಿದದ್ದನ್ನು ನನಗೆ ಕೊಡುತ್ತದೆ. ಸಹಿ ಹಾಕಿದ ಒಪ್ಪಂದದಲ್ಲಿ ‘ರಜೆ’ ಎಂಬ ಪದ ಒಂದೇ ಕಡೆ ಬರುತ್ತದೆ, ಅದೂ ‘ಯಾವುದೇ ರಜೆ ಸೌಲಭ್ಯ ಅನ್ವಯಿಸುವುದಿಲ್ಲ’ ಎಂಬ ಸಾಲಿನಲ್ಲಿ.

ಹೀಗೆ ಇರುವವರಿಗೆ ರಜೆ ಕೇಳುವುದೆಂದರೆ ಏನು? ಸಂಬಳ ಹೇಗೂ ಸಿಗುವುದಿಲ್ಲ. ಮಾಡಿದ ಗಂಟೆಗೆ ಮಾತ್ರ ದುಡ್ಡು. ಹಾಗಾದರೆ ಕೇಳಲು ಉಳಿಯುವುದಾದರೂ ಏನು ಎಂದು ಬಹಳ ದಿನ ನಾನೂ ಅಂದುಕೊಂಡಿದ್ದೆ. ಬರಬೇಡ ಎನಿಸಿದ ದಿನ ಬರದಿದ್ದರಾಯಿತು, ಅಷ್ಟೇ ತಾನೇ? ಹಾಗಲ್ಲ ಎಂದು ತಿಳಿದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಕಹಿ ಅನುಭವದಿಂದ. ಆ ಕಥೆಯನ್ನು ಮೊದಲು ಹೇಳುತ್ತೇನೆ. ಅಮ್ಮನ ಶಸ್ತ್ರಚಿಕಿತ್ಸೆಯ ಹೊತ್ತಿಗೆ ನಾನು ಮಾಡಿದ್ದೆಲ್ಲ ಅದರಿಂದಲೇ ಹುಟ್ಟಿದ್ದು.

ಆಗ ನನಗೆ ಬೇಕಾಗಿದ್ದದ್ದು ಮೂರೇ ದಿನ. ಹತ್ತಿರದ ಸಂಬಂಧಿಯೊಬ್ಬರು ತೀರಿಕೊಂಡಿದ್ದರು. ನನ್ನ ಎದುರಿಗೇ ಕೂರುವ ಕಂಪನಿಯ ಸೂಪರ್‌ವೈಸರ್ ಬಳಿ ಹೋಗಿ ವಿಷಯ ಹೇಳಿದೆ. ಅವರು ಒಳ್ಳೆಯವರು. ‘ಹೋಗಿ ಬನ್ನಿ, ನಾನು ನೋಡಿಕೊಳ್ಳುತ್ತೇನೆ’ ಎಂದರು. ಅವರು ಹೇಳಿದ ಮೇಲೆ ಮುಗಿಯಿತು ಎಂದುಕೊಂಡು ಹೊರಟೆ. ಮೂರು ದಿನ ಬಿಟ್ಟು ಬಂದಾಗ ಏಜೆನ್ಸಿಯ ಹಾಜರಿಯಲ್ಲಿ ಆ ಮೂರೂ ದಿನಗಳ ಮುಂದೆ ‘ಮಾಹಿತಿ ನೀಡದೆ ಗೈರು’ ಎಂದು ದಾಖಲಾಗಿತ್ತು. ಸೂಪರ್‌ವೈಸರ್‌ಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಏಜೆನ್ಸಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ಆದರೆ ನನ್ನ ಶಿಫ್ಟ್ ಹಂಚುವವರು ಏಜೆನ್ಸಿಯವರು, ನಾನು ಹೇಳಿದ್ದು ಕಂಪನಿಯವರಿಗೆ. ಅವರಿಬ್ಬರ ನಡುವೆ ನನ್ನ ಮಾತನ್ನು ದಾಟಿಸುವ ಹೊಣೆ ಯಾರದ್ದೂ ಆಗಿರಲಿಲ್ಲ.

ದಂಡವೇನೂ ಹಾಕಲಿಲ್ಲ, ಯಾರೂ ಬೈಯಲಿಲ್ಲ. ಮುಂದಿನ ವಾರದ ರೋಸ್ಟರ್‌ನಲ್ಲಿ ಐದು ಶಿಫ್ಟ್ ಇರಬೇಕಾದ ಕಡೆ ಎರಡಿದ್ದವು. ಅದರ ಮುಂದಿನ ವಾರವೂ ಎರಡು. ಫೋನ್ ಮಾಡಿದರೆ ‘ಈಗ ಕೆಲಸ ಸ್ವಲ್ಪ ಕಡಿಮೆ ಇದೆ’ ಎಂಬ ಉತ್ತರ. ಕೆಲಸ ನಿಜವಾಗಿಯೂ ಕಡಿಮೆಯಾಗಿದೆಯೋ ಅಥವಾ ನನಗೆ ಮಾತ್ರ ಕಡಿಮೆಯಾಗಿದೆಯೋ ತಿಳಿಯಲು ಒಂದೇ ದಾರಿ: ಪಕ್ಕದ ಕುರ್ಚಿಯವರನ್ನು ಕೇಳುವುದು. ನನ್ನ ಜೊತೆಯ ನಾಲ್ವರಿಗೂ ಐದೈದು ಶಿಫ್ಟ್ ಹಾಗೆಯೇ ಇದ್ದವು. ನನ್ನವು ಮೊದಲಿನ ಮಟ್ಟಕ್ಕೆ ಬರಲು ಆರು ವಾರ ಹಿಡಿಯಿತು. ಮೂರು ದಿನದ ಬಿಡುವಿಗೆ ತೆತ್ತದ್ದು ಹದಿನೆಂಟು ಶಿಫ್ಟ್, ಎಪ್ಪತ್ತೆರಡು ಗಂಟೆ. ಯಾವ ಕಾಗದದಲ್ಲೂ ಅದನ್ನು ಶಿಕ್ಷೆ ಎಂದು ಬರೆದಿಲ್ಲ, ಹಾಗಾಗಿ ಪ್ರಶ್ನಿಸಲೂ ಆಗಲಿಲ್ಲ.

ಆಗ ಅರ್ಥವಾಯಿತು. ಇಂಥ ಕೆಲಸದಲ್ಲಿ ನಾವು ಕೇಳಬೇಕಾದದ್ದು ಹೋಗಲು ಅನುಮತಿಯನ್ನು ಮಾತ್ರವಲ್ಲ. ಹೋಗುವುದನ್ನು ಯಾರೂ ತಡೆಯುವುದಿಲ್ಲ. ಬಾಗಿಲು ಸದಾ ತೆರೆದೇ ಇರುತ್ತದೆ. ಮರಳಿ ಬಂದಾಗ ನಮ್ಮ ಜಾಗ ನಮಗಿರುತ್ತದೆಯೇ, ಹೋದದ್ದು ಹಾಜರಿಯಲ್ಲಿ ಏನೆಂದು ದಾಖಲಾಗುತ್ತದೆ, ಬಂದ ಮೇಲೆ ಮೊದಲ ಶಿಫ್ಟ್ ಯಾವ ದಿನ ಎಂಬ ಮೂರು ವಿಷಯಗಳಲ್ಲಿ ಒಪ್ಪಂದ ಆಗಬೇಕು. ಅದೂ ಹಂಚುವವರ ಜೊತೆ, ಬರಹದಲ್ಲಿ, ದಿನಾಂಕಗಳ ಸಮೇತ.

ಅಮ್ಮನ ವಿಷಯ ಬಂದಾಗ ನಾನು ಮೊದಲು ಮಾಡಿದ ಕೆಲಸ ಒಪ್ಪಂದ ಪತ್ರವನ್ನು ಹೊರತೆಗೆದು ಪೂರ್ತಿ ಓದಿದ್ದು. ಸಹಿ ಹಾಕುವಾಗ ಓದಿರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಒಂಬತ್ತು ಪುಟ. ರಜೆ ಇಲ್ಲ ಎಂಬ ಸಾಲನ್ನು ದಾಟಿ ಮುಂದೆ ಹೋದರೆ, ರಜೆಯ ಹೆಸರೆತ್ತದೆಯೇ ರಜೆಯನ್ನು ಮುಟ್ಟುವ ಮೂರು ಸಾಲುಗಳು ಬೇರೆ ಬೇರೆ ಪುಟಗಳಲ್ಲಿ ಸಿಕ್ಕವು. ಮೊದಲನೆಯದು, ಯಾವುದಾದರೂ ವಾರ ಲಭ್ಯವಿಲ್ಲದಿದ್ದರೆ ಕನಿಷ್ಠ ಏಳು ದಿನ ಮುಂಚೆ ತಿಳಿಸಬೇಕು. ಎರಡನೆಯದು, ತಿಂಗಳಿಗೆ ಕನಿಷ್ಠ ಹದಿನಾರು ಶಿಫ್ಟ್ ಮುಗಿಸಿದವರಿಗೆ ಎರಡು ಶಿಫ್ಟ್‌ಗಳ ಸಂಬಳದಷ್ಟು ಪ್ರೋತ್ಸಾಹಧನ. ಮೂರನೆಯದು ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ: ಸತತ ಹದಿನಾಲ್ಕು ದಿನ ಒಂದೂ ಶಿಫ್ಟ್ ಮಾಡದವರ ಹೆಸರು ಸಕ್ರಿಯ ಪಟ್ಟಿಯಿಂದ ತಾನಾಗಿ ಹೊರಬೀಳುತ್ತದೆ, ಮತ್ತೆ ಸೇರಲು ಹೊಸದಾಗಿ ನೋಂದಣಿ ಮತ್ತು ತರಬೇತಿ ಆಗಬೇಕು.

ಪ್ರತಿ ಏಜೆನ್ಸಿಯ ಅಂಕಿಗಳು ಬೇರೆ ಇರುತ್ತವೆ. ಆದರೆ ಈ ಮೂರು ಬಗೆಯ ಸಾಲುಗಳನ್ನು, ಅಂದರೆ ಮುನ್ಸೂಚನೆಯ ಅವಧಿ, ಕನಿಷ್ಠ ಶಿಫ್ಟ್‌ಗೆ ಕಟ್ಟಿದ ಹೆಚ್ಚುವರಿ ಹಣ ಮತ್ತು ನಿಷ್ಕ್ರಿಯರಾದವರನ್ನು ಕೈಬಿಡುವ ನಿಯಮವನ್ನು, ಹುಡುಕಿ ಗುರುತು ಹಾಕಿಕೊಳ್ಳಬೇಕು. ಮೊಬೈಲ್ ಆ್ಯಪ್ ಮೂಲಕ ಕೆಲಸ ಹಿಡಿಯುವವರಿಗೆ ಇವು ಒಪ್ಪಂದದ ಬದಲು ಆ್ಯಪ್‌ನ ನಿಯಮಗಳ ಪುಟದಲ್ಲಿರುತ್ತವೆ, ಯಾವಾಗ ಬೇಕಾದರೂ ಬದಲಾಗಬಹುದು. ಓದಿದ ದಿನದ ಪುಟವನ್ನು ಚಿತ್ರವಾಗಿ ಉಳಿಸಿಕೊಳ್ಳುವುದು ಒಳ್ಳೆಯದು.

ನಂತರ ಗೋಡೆಯ ಕ್ಯಾಲೆಂಡರ್ ಇಳಿಸಿ ಊಟದ ಮೇಜಿನ ಮೇಲಿಟ್ಟು ಪೆನ್ಸಿಲ್ ಹಿಡಿದು ಕುಳಿತೆ. ಆ ತಿಂಗಳ ಒಂದನೇ ತಾರೀಖು ಗುರುವಾರ, 30 ಶುಕ್ರವಾರ. ಕೆಲಸದ ದಿನಗಳು ಒಟ್ಟು 22. ಮೊದಲ ದಿನಾಂಕವಾದ 13ನ್ನು ಆರಿಸಿದರೆ ನಾನು 12ರಿಂದ 23ರವರೆಗೆ ಇರುವುದಿಲ್ಲ. ಹತ್ತೂ ಶಿಫ್ಟ್ ಒಂದೇ ತಿಂಗಳಲ್ಲಿ ಹೋಗುತ್ತವೆ, ಉಳಿಯುವುದು 12. ಹದಿನಾರು ಮುಟ್ಟುವುದಿಲ್ಲ, ಪ್ರೋತ್ಸಾಹಧನವೂ ಹೋಗುತ್ತದೆ. 27ನ್ನು ಆರಿಸಿದರೆ ಬಿಡುವು ಎರಡು ತಿಂಗಳಿಗೆ ಹಂಚಿಹೋಗುತ್ತದೆ: ಈ ತಿಂಗಳ 26ರಿಂದ 30, ಮುಂದಿನ ತಿಂಗಳ 3ರಿಂದ 7. ಈ ತಿಂಗಳು 22ರಲ್ಲಿ ಐದು ಕಳೆದು 17. ಮುಂದಿನ ತಿಂಗಳ ಕೆಲಸದ ದಿನ 21, ಐದು ಕಳೆದು ಸರಿಯಾಗಿ 16. ಎರಡೂ ತಿಂಗಳ ಹೆಚ್ಚುವರಿ ಹಣ ಉಳಿಯುತ್ತದೆ.

ಅಮ್ಮನ ನೋವು ಎರಡು ವಾರ ತಡೆದುಕೊಳ್ಳುವಂಥದ್ದೇ ಎಂದು ವೈದ್ಯರನ್ನು ಕೇಳಿದೆ. ತಡೆದರೆ ತೊಂದರೆಯಿಲ್ಲ ಎಂದರು. ಅಮ್ಮನನ್ನೂ ಕೇಳಿದೆ. ‘ನಿನ್ನ ಕೆಲಸಕ್ಕೆ ಯಾವುದು ಸರಿಯೋ ಅದೇ ಇಟ್ಟುಕೋ’ ಎಂದಳು. ಹಣದ ಲೆಕ್ಕ ಹಾಕಿ ಅಮ್ಮನ ಶಸ್ತ್ರಚಿಕಿತ್ಸೆಯ ದಿನ ನಿಗದಿ ಮಾಡಬೇಕಾಗಿ ಬಂದದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಸಂಬಳದ ರಜೆ ಇರುವವರಿಗೆ ಈ ಪೆನ್ಸಿಲ್ ಲೆಕ್ಕ ಬೇಕಾಗುವುದೇ ಇಲ್ಲ.

ಮೂರನೆಯ ಸಾಲು ನನ್ನನ್ನು ನಿಜವಾಗಿ ಹೆದರಿಸಿತು. ನಾನು ಕೇಳುವುದು ಹತ್ತು ದಿನ, ನಿಯಮ ಹೇಳುವುದು ಹದಿನಾಲ್ಕು ದಿನ. ಸುರಕ್ಷಿತ ಎಂದೇ ಮೊದಲು ಅನಿಸಿತ್ತು. ಆದರೆ ಶಿಫ್ಟ್ ಎಣಿಸುವುದು ಬೇರೆ, ದಿನ ಎಣಿಸುವುದು ಬೇರೆ. ಕೊನೆಯ ಶಿಫ್ಟ್ 23, ಶುಕ್ರವಾರ. ಮರಳಿ ಬರುವುದು ಮುಂದಿನ ತಿಂಗಳ 10, ಸೋಮವಾರ. ಬೆರಳಿಟ್ಟು ಎಣಿಸಿದೆ: 24ರಿಂದ 30ರವರೆಗೆ ಏಳು ದಿನ, 1ರಿಂದ 9ರವರೆಗೆ ಒಂಬತ್ತು ದಿನ. ಒಟ್ಟು ಹದಿನಾರು. ಮೂರು ವಾರಾಂತ್ಯಗಳು ಸದ್ದಿಲ್ಲದೆ ಸೇರಿಕೊಂಡಿದ್ದವು. ಎಲ್ಲರ ಒಪ್ಪಿಗೆ ಪಡೆದು ಹೋದರೂ ಹಿಂತಿರುಗುವಷ್ಟರಲ್ಲಿ ನನ್ನ ಹೆಸರು ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಕೇಳುವುದು ಯಾವಾಗ ಎಂಬುದೂ ಮುಖ್ಯ. ನಮ್ಮ ರೋಸ್ಟರ್ ಪ್ರತಿ ಗುರುವಾರ ಸಂಜೆ ಬರುತ್ತದೆ. ಆದರೆ ಅದು ತಯಾರಾಗುವುದು ಮಂಗಳವಾರ. ಮುಂದಿನ ವಾರ ಯಾರು ಯಾರು ಬರುತ್ತಾರೆ ಎಂಬ ಪಟ್ಟಿಯನ್ನು ಏಜೆನ್ಸಿಯ ಕೋಆರ್ಡಿನೇಟರ್ ಆ ದಿನ ಕಂಪನಿಗೆ ಕಳಿಸುತ್ತಾರೆ. ಕಳಿಸಿದ ಮೇಲೆ ಒಬ್ಬರು ಕಡಿಮೆಯಾದರೆ ಅವರು ಕಂಪನಿಯ ಮುಂದೆ ತಲೆ ತಗ್ಗಿಸಬೇಕು. ಹಾಗಾಗಿ ಮಂಗಳವಾರಕ್ಕೆ ಮೊದಲು ಕೇಳಿದ ಮಾತಿಗೂ ನಂತರ ಕೇಳಿದ ಮಾತಿಗೂ ಅಜಗಜಾಂತರ. ಒಪ್ಪಂದದ ಏಳು ದಿನ ಎಂಬುದು ಕಾಗದದ ಮೇಲಿನ ಗಡುವು. ಪಟ್ಟಿ ಹೋಗುವ ದಿನವೇ ನಿಜವಾದ ಗಡುವು. 26, ಸೋಮವಾರದಿಂದ ಲಭ್ಯವಿಲ್ಲ ಎಂದು 19ರಂದು ಹೇಳಿದರೆ ಏಳು ದಿನವೇನೋ ಆಗುತ್ತದೆ, ಆದರೆ ಅವರ ಕೈಯಲ್ಲಿ ಬದಲಿ ಹುಡುಕಲು ಒಂದೇ ದಿನ ಉಳಿಯುತ್ತದೆ. ನಾನು 5ರಂದು, ಅಂದರೆ ಮೂರು ವಾರ ಮುಂಚೆ ಹೇಳಲು ನಿರ್ಧರಿಸಿದೆ. ಇನ್ನೂ ಮುಂಚೆ ಹೇಳಬಹುದಿತ್ತು. ಆದರೆ ಅವರ ಹಾಳೆಯಲ್ಲಿ ಕಾಣುವುದು ಮುಂದಿನ ನಾಲ್ಕು ವಾರ ಮಾತ್ರ. ಬರೆದಿಡಲು ಜಾಗವೇ ಇಲ್ಲದ ದಿನಾಂಕವನ್ನು ಹೇಳಿದರೆ ಅದು ಮರೆತುಹೋಗುವ ಸಂಭವವೇ ಹೆಚ್ಚು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಅವರು ಬಾರದವರ ಜಾಗ ತುಂಬಿಸುವ ಗಡಿಬಿಡಿಯಲ್ಲಿರುತ್ತಾರೆ. ಆಗ ಯಾವ ಬಿಡುವಿನ ಮಾತೂ ಅವರ ಕಿವಿಗೆ ಇನ್ನೊಂದು ತಲೆನೋವಾಗಿಯೇ ಬೀಳುತ್ತದೆ.

‘ಮೇಡಂ, ಅಮ್ಮನಿಗೆ ಶಸ್ತ್ರಚಿಕಿತ್ಸೆ ಇದೆ. ಈ ತಿಂಗಳ 26ರಿಂದ ಮುಂದಿನ ತಿಂಗಳ 7ರವರೆಗೆ ನನಗೆ ಬರಲು ಆಗುವುದಿಲ್ಲ. 10ರಂದು ಸೋಮವಾರ ಬರುತ್ತೇನೆ. ನನ್ನ ಮಧ್ಯಾಹ್ನದ ಶಿಫ್ಟ್ ನನಗೇ ಉಳಿಯಬೇಕು, ಅದಕ್ಕೇ ಇಷ್ಟು ಮುಂಚೆ ಹೇಳುತ್ತಿದ್ದೇನೆ.’

‘ನಮ್ಮಲ್ಲಿ ರಜೆ ಇಲ್ಲವಲ್ಲ’ ಎಂದರು. ಅವರ ಧ್ವನಿಯಲ್ಲಿ ಕಾಠಿಣ್ಯವಿರಲಿಲ್ಲ. ನೂರು ಜನರಿಗೆ ಹೇಳಿ ಹೇಳಿ ಬಾಯಿಗೆ ಬಂದ ವಾಕ್ಯ ಅದು.

‘ಗೊತ್ತು ಮೇಡಂ. ಸಂಬಳದ ರಜೆ ಕೇಳುತ್ತಿಲ್ಲ. ಆ ದಿನಗಳನ್ನು ಗೈರು ಎಂದು ಹಾಕದೆ ಮೊದಲೇ ತಿಳಿಸಿದ ಅಲಭ್ಯತೆ ಎಂದು ಹಾಕಬೇಕು. ಬಂದ ಮೇಲೆ ನನ್ನ ಐದು ಶಿಫ್ಟ್ ಇರಬೇಕು. ಇಷ್ಟೇ ನನ್ನ ಕೋರಿಕೆ.’

ಈ ಮಾತಿನ ಮೇಲೆ ಸಂಭಾಷಣೆ ಬೇರೆ ದಾರಿ ಹಿಡಿಯಿತು. ‘ರಜೆ’ ಎಂಬ ಪದ ಕೇಳಿದ ಕೂಡಲೇ ಅವರ ಮನಸ್ಸು ನಿಯಮದ ಪುಸ್ತಕಕ್ಕೆ ಹೋಗುತ್ತದೆ, ಅಲ್ಲಿ ಉತ್ತರ ‘ಇಲ್ಲ’ ಎಂದೇ ಇದೆ. ದಿನಾಂಕ ಹೇಳಿ, ಜಾಗದ ಮಾತಾಡಿದರೆ ಅದು ಅವರ ದಿನನಿತ್ಯದ ಕೆಲಸದ ಮಾತಾಗುತ್ತದೆ. ಅವರು ಕೇಳಿದ ಮುಂದಿನ ಪ್ರಶ್ನೆ ನಾನು ನಿರೀಕ್ಷಿಸಿದ್ದೇ: ‘ಆ ಫೋನ್ ಸಾಲಿಗೆ ಯಾರನ್ನು ಹಾಕಲಿ?’

ಇಲ್ಲಿ ಒಂದು ಎಚ್ಚರಿಕೆ ಬೇಕು. ಬದಲಿ ಹುಡುಕುವುದು ಏಜೆನ್ಸಿಯ ಕೆಲಸ. ಕಂಪನಿಯಿಂದ ಅವರು ಹಣ ಪಡೆಯುವುದೇ ಅದಕ್ಕೆ. ಸುಲಭವಾಗಲಿ ಎಂದು ನಾವೇ ಯಾರನ್ನೋ ಒಪ್ಪಿಸಿ ‘ನನ್ನ ಬದಲು ಇವರು ಬರುತ್ತಾರೆ’ ಎಂದುಬಿಟ್ಟರೆ, ಆ ವ್ಯಕ್ತಿ ಒಂದು ದಿನ ಬಾರದಿದ್ದರೂ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ಇನ್ನು ಏಜೆನ್ಸಿಗೆ ಹೇಳದೆ ಇಬ್ಬರು ತಮ್ಮತಮ್ಮಲ್ಲೇ ಶಿಫ್ಟ್ ಬದಲಿಸಿಕೊಂಡರಂತೂ ಹಾಜರಿ ಒಬ್ಬರ ಹೆಸರಲ್ಲಿ, ದುಡಿಮೆ ಇನ್ನೊಬ್ಬರದು. ಸಂಬಳದ ದಿನ ಇಬ್ಬರಿಗೂ ಜಗಳ. ನಾನು ಹೇಳಿದ್ದು ಇಷ್ಟು: ಬೆಳಗಿನ ಪಾಳಿಯ ಇಬ್ಬರಿಗೆ ಈ ಸಾಲಿನ ಕೆಲಸ ಗೊತ್ತಿದೆ, ಹೆಚ್ಚುವರಿ ಶಿಫ್ಟ್‌ಗೆ ಅವರಿಗೆ ಆಸೆಯೂ ಇದೆ, ನೀವೇ ಅವರನ್ನು ಕೇಳಿ ನೋಡಿ. ಆ ಇಬ್ಬರನ್ನೂ ನಾನು ಮೊದಲೇ ಕೇಳಿ, ಹೆಸರು ಹೇಳಬಹುದೇ ಎಂದು ಒಪ್ಪಿಗೆ ಪಡೆದಿದ್ದೆ.

ಆಮೇಲೆ ಹದಿನಾಲ್ಕು ದಿನದ ಸಾಲನ್ನು ಎತ್ತಿದೆ. ಅವರಿಗೂ ಅದು ಹೊಳೆದಿರಲಿಲ್ಲ. ಕ್ಷಣಕಾಲ ಸುಮ್ಮನಾಗಿ, ‘ಅದು ಸಿಸ್ಟಂ ತಾನೇ ಮಾಡುವುದು, ನನ್ನ ಕೈಯಲ್ಲಿ ನಿಲ್ಲಿಸಲು ಆಗುವುದಿಲ್ಲ’ ಎಂದರು. ನಿಜವನ್ನೇ ಹೇಳಿದರು, ಅದಕ್ಕೆ ನಾನು ಕೃತಜ್ಞ. ‘ಚಿಂತಿಸಬೇಡಿ, ನೋಡಿಕೊಳ್ಳೋಣ’ ಎಂದು ಹೇಳಿಬಿಟ್ಟಿದ್ದರೆ ನಾನು ನಂಬಿ ಹೋಗುತ್ತಿದ್ದೆ. ಒಬ್ಬ ಮನುಷ್ಯ ಕೊಟ್ಟ ಭರವಸೆಯನ್ನು ಗಣಕಯಂತ್ರ ಓದುವುದಿಲ್ಲ. ಒಪ್ಪಿಗೆ ಕೊಡುವವರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂದು ನೇರವಾಗಿ ಕೇಳಿ ತಿಳಿದುಕೊಳ್ಳಬೇಕು.

ಹಾಗಾದರೆ ನಡುವೆ ಒಂದು ಶಿಫ್ಟ್ ಮಾಡಿದರೆ ಎಣಿಕೆ ಮುರಿಯುತ್ತದೆಯೇ ಎಂದು ಕೇಳಿದೆ. ಮುರಿಯುತ್ತದೆ ಎಂದರು. ಮೇಜಿನ ಮೇಲಿನ ಕ್ಯಾಲೆಂಡರ್ ನೋಡಿದೆ. 30, ಶುಕ್ರವಾರ. ಶಸ್ತ್ರಚಿಕಿತ್ಸೆಯಾಗಿ ಮೂರನೆಯ ದಿನ, ಅಮ್ಮ ಇನ್ನೂ ಆಸ್ಪತ್ರೆಯಲ್ಲೇ ಇರುತ್ತಾಳೆ, ದಾದಿಯರಿರುತ್ತಾರೆ, ಮಧ್ಯಾಹ್ನ ಅಕ್ಕ ಬಂದು ಕೂರಬಲ್ಲಳು. ಮನೆಗೆ ಬಂದ ಮೇಲಿನ ಯಾವ ದಿನಕ್ಕಿಂತಲೂ ಆ ದಿನ ನಾಲ್ಕು ಗಂಟೆ ಹೊರಗಿರುವುದು ಸುಲಭ. ಆ ಒಂದು ಶಿಫ್ಟ್‌ನಿಂದ ಹದಿನಾರು ದಿನಗಳ ಅಂತರ ಆರು ಮತ್ತು ಒಂಬತ್ತು ದಿನಗಳ ಎರಡು ತುಂಡುಗಳಾಯಿತು. ಹತ್ತು ಶಿಫ್ಟ್ ಬಿಡುವು ಒಂಬತ್ತಾಯಿತು, ಈ ತಿಂಗಳ ಎಣಿಕೆ 17ರಿಂದ 18ಕ್ಕೆ ಏರಿತು.

ಫೋನ್ ಇಟ್ಟ ಅರ್ಧ ಗಂಟೆಯಲ್ಲಿ ಅವರಿಗೆ ಸಂದೇಶ ಕಳಿಸಿದೆ. ಅದನ್ನು ಇಲ್ಲಿ ಹಾಗೆಯೇ ಹಾಕುತ್ತಿದ್ದೇನೆ:

‘ಮೇಡಂ, ಇಂದು ಬೆಳಿಗ್ಗೆ ಫೋನಿನಲ್ಲಿ ಮಾತನಾಡಿದಂತೆ, ತಾಯಿಯ ಶಸ್ತ್ರಚಿಕಿತ್ಸೆಯ ಕಾರಣ ಈ ತಿಂಗಳ 26, 27, 28, 29 ಮತ್ತು ಮುಂದಿನ ತಿಂಗಳ 3, 4, 5, 6, 7ರಂದು ನಾನು ಲಭ್ಯವಿರುವುದಿಲ್ಲ. ಒಟ್ಟು 9 ಶಿಫ್ಟ್. 30ರಂದು ಶುಕ್ರವಾರ ಎಂದಿನಂತೆ 2ರಿಂದ 6ರವರೆಗೆ ಬರುತ್ತೇನೆ. 10ರಂದು ಸೋಮವಾರದಿಂದ ನನ್ನ ಐದೂ ಶಿಫ್ಟ್‌ಗಳಿಗೆ ಮರಳುತ್ತೇನೆ. ಈ 9 ದಿನಗಳು ಮಾಹಿತಿ ನೀಡಿದ ಅಲಭ್ಯತೆ ಎಂದು ದಾಖಲಾಗುತ್ತವೆ, ಗೈರು ಎಂದಲ್ಲ ಎಂದು ತಾವು ಹೇಳಿದಿರಿ. ಸರಿಯಾಗಿದ್ದರೆ ದಯವಿಟ್ಟು ಸರಿ ಎಂದು ಉತ್ತರಿಸಿ.’

‘26ರಿಂದ 7ರವರೆಗೆ’ ಎಂದು ಬರೆಯದೆ ಒಂದೊಂದು ದಿನಾಂಕವನ್ನೂ ಬಿಡಿಸಿ ಬರೆದದ್ದಕ್ಕೆ ಕಾರಣವಿದೆ. 7ರಂದು ಬರುತ್ತೀರೋ, 7 ಮುಗಿದ ಮೇಲೆ ಬರುತ್ತೀರೋ ಎಂಬ ಗೊಂದಲಕ್ಕೆ ಎಡೆ ಇರಬಾರದು. ಕಾರಣವನ್ನು ಮೂರು ಪದಗಳಲ್ಲಿ ಮುಗಿಸಿದೆ. ವೈದ್ಯಕೀಯ ಕಾಗದ ಲಗತ್ತಿಸಲಿಲ್ಲ. ಅವರು ಕೇಳಿರಲಿಲ್ಲ, ಕೇಳಿದ್ದರೆ ದಾಖಲಾತಿಯ ದಿನಾಂಕವಿರುವ ಪುಟ ಮಾತ್ರ ಕೊಡುತ್ತಿದ್ದೆ. ಅಮ್ಮನ ಆರೋಗ್ಯದ ವಿವರ ಯಾವುದೋ ಕಚೇರಿಯ ಕಡತಕ್ಕೆ ಸೇರಬೇಕಿಲ್ಲ. ಸಂಜೆಯವರೆಗೆ ಉತ್ತರ ಬರಲಿಲ್ಲ. ಮರುದಿನ ಮಧ್ಯಾಹ್ನ ಮತ್ತೊಮ್ಮೆ ನೆನಪಿಸಿದೆ. ‘ಸರಿ’ ಎಂಬ ಎರಡಕ್ಷರ ಬಂತು. ಅದನ್ನು ಚಿತ್ರ ತೆಗೆದು ಅಕ್ಕನಿಗೂ ಕಳಿಸಿ ಇಟ್ಟೆ, ನನ್ನ ಮೊಬೈಲ್ ಕೆಟ್ಟರೂ ಇನ್ನೊಂದು ಕಡೆ ಇರಲಿ ಎಂದು.

ಆ ‘ಸರಿ’ಗೆ ಕಾನೂನಿನ ಬಲ ಎಷ್ಟು ಎಂದು ಓದುಗರು ಕೇಳಬಹುದು. ಬಹಳವೇನೂ ಇಲ್ಲ. ಮರುವಾರ ಅವರು ಮನಸ್ಸು ಬದಲಿಸಿದರೆ ನಾನು ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ. ಆದರೆ ಅದು ಜ್ಞಾಪಕ. ಕೋಆರ್ಡಿನೇಟರ್ ಬದಲಾದರೆ ಹೊಸಬರಿಗೆ ತೋರಿಸಬಹುದು, ಹಾಜರಿಯಲ್ಲಿ ತಪ್ಪು ಬಿದ್ದರೆ ತಿದ್ದಿಸಬಹುದು. ಮೊದಲ ವರ್ಷ ನನ್ನ ಬಳಿ ಇಲ್ಲದಿದ್ದದ್ದು ಅದೇ.

ಇದನ್ನು ಬರೆಯುವಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ‘ರಜೆ ಅನ್ವಯಿಸುವುದಿಲ್ಲ’ ಎಂದು ಒಪ್ಪಂದದಲ್ಲಿ ಅಚ್ಚಾದ ಮಾತ್ರಕ್ಕೆ ಅದು ಎಲ್ಲ ಕಡೆ ನಿಜವೇ ಆಗಿರಬೇಕಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1970ರಲ್ಲೇ ಸಂಬಳ ಸಹಿತ ರಜೆಯ ಒಡಂಬಡಿಕೆಯಲ್ಲಿ ವರ್ಷದ ಸೇವೆಗೆ ಕನಿಷ್ಠ ಮೂರು ವಾರ ಎಂದಿತು. 1994ರ ಅರೆಕಾಲಿಕ ಕೆಲಸದ ಒಡಂಬಡಿಕೆ, ಪೂರ್ಣಾವಧಿ ನೌಕರರಿಗಿರುವ ವಾರ್ಷಿಕ ರಜೆ, ಅನಾರೋಗ್ಯ ರಜೆಗಳಿಗೆ ಸಮಾನವಾದ ಸೌಲಭ್ಯ ಅರೆಕಾಲಿಕರಿಗೂ ಇರಬೇಕೆಂದಿತು. ಇವು ಅನುಮೋದಿಸಿದ ದೇಶಗಳನ್ನು ಮಾತ್ರ ಕಟ್ಟಿಹಾಕುತ್ತವೆ. ನಮ್ಮನ್ನು ‘ಸ್ವತಂತ್ರ ಗುತ್ತಿಗೆದಾರ’ ಎಂದು ಕರೆದಿದ್ದರೆ ಅವುಗಳ ಆಸರೆ ಇನ್ನೂ ದೂರ. ಆದರೆ ಎಷ್ಟೋ ಕಡೆ ನ್ಯಾಯಾಲಯಗಳು ಕಾಗದದ ಮೇಲಿನ ಹೆಸರಿಗಿಂತ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡುತ್ತವೆ: ಸಮಯ ನಿಗದಿ ಮಾಡುವವರು ಯಾರು, ಬೇಡ ಎನ್ನುವ ಸ್ವಾತಂತ್ರ್ಯ ನಿಜಕ್ಕೂ ಇದೆಯೇ ಎಂಬುದನ್ನು. ನಿಮ್ಮಲ್ಲಿನ ಕಾನೂನನ್ನು ಬಲ್ಲ ಕಾರ್ಮಿಕ ಸಂಘಟನೆ ಅಥವಾ ಕಾರ್ಮಿಕ ಇಲಾಖೆಯಲ್ಲಿ ಒಮ್ಮೆ ಕೇಳಿ ನೋಡುವುದು ಬಿಡುವು ಬೇಕಾಗುವ ಮೊದಲೇ ಮಾಡಬೇಕಾದ ಕೆಲಸ. ಬೇಕಾದ ವಾರದಲ್ಲಿ ಅದಕ್ಕೆ ಸಮಯವಿರುವುದಿಲ್ಲ.

19ರಂದು, ಪಟ್ಟಿ ಹೋಗುವ ಹಿಂದಿನ ದಿನ, ಒಂದು ಸಾಲಿನ ನೆನಪೋಲೆ ಕಳಿಸಿದೆ. 22ರ ಸಂಜೆ ರೋಸ್ಟರ್ ಬಂದಾಗ ನನ್ನ ಹೆಸರಿನ ಮುಂದೆ ಸೋಮವಾರದಿಂದ ಗುರುವಾರದವರೆಗಿನ ನಾಲ್ಕು ಚೌಕಗಳು ಬೂದು ಬಣ್ಣದಲ್ಲಿದ್ದವು. ಗೈರಾದರೆ ಆ ಚೌಕ ಕೆಂಪಾಗುತ್ತದೆ. ಬೂದು ಎಂದರೆ ಲಭ್ಯವಿಲ್ಲ. ಮೊದಲ ವರ್ಷದ ಮೂರು ಕೆಂಪು ಚೌಕಗಳು ಕಣ್ಣ ಮುಂದೆ ಬಂದು ಹೋದವು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಶುಕ್ರವಾರ ಅಕ್ಕ ಬಂದು ಕುಳಿತಳು, ನಾನು ಹೋಗಿ ನಾಲ್ಕು ಗಂಟೆ ದುಡಿದು ಬಂದೆ. ಶನಿವಾರ ಅಮ್ಮನನ್ನು ಮನೆಗೆ ಕರೆತಂದೆವು. ಆ ವಾರ ಔಷಧಿಯ ಸಮಯ, ಮಂಡಿಗೆ ಐಸ್, ವಾಕರ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಸುವುದು, ಇದರಲ್ಲೇ ಕಳೆಯಿತು. ಅದರ ನಡುವೆಯೂ 3ನೇ ತಾರೀಖು ಸೋಮವಾರ ಒಂದು ಕೆಲಸ ಮರೆಯಲಿಲ್ಲ: 10ರಿಂದ ಬರುವುದು ಖಚಿತ ಎಂದು ಸಂದೇಶ ಹಾಕಿದೆ. ನಾನು ಮರಳುವ ವಾರದ ಪಟ್ಟಿ 4ರಂದೇ ಹೋಗುತ್ತದೆ. ಬಿಡುವಿನಲ್ಲಿರುವವರು ಬಿಡುವು ಮುಗಿಯುವ ದಿನಕ್ಕೆ ಕಾದರೆ ಇನ್ನೊಂದು ವಾರ ಹೊರಗೇ ಉಳಿಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ 6ರ ಸಂಜೆ ಬಂದ ರೋಸ್ಟರ್‌ನಲ್ಲಿ ನನಗಿದ್ದದ್ದು ಮೂರು ಶಿಫ್ಟ್. ಸೋಮವಾರ, ಮಂಗಳವಾರದ ಚೌಕಗಳಲ್ಲಿ ನನ್ನ ಬದಲಿಗೆ ಬಂದವರ ಹೆಸರಿತ್ತು. ಅಮ್ಮನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಆ ಎರಡು ಚೌಕಗಳನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆ ತಿಂಗಳ ಲೆಕ್ಕ ಸರಿಯಾಗಿ ಹದಿನಾರಕ್ಕೆ ನಿಂತಿತ್ತು. ಎರಡು ಕಳೆದರೆ ಹದಿನಾಲ್ಕು, ಪ್ರೋತ್ಸಾಹಧನವೂ ಕೈಬಿಡುತ್ತದೆ.

ತಕ್ಷಣ ಫೋನ್ ಮಾಡಿದೆ. ಬದಲಿ ಬಂದವರಿಗೆ 11ರವರೆಗೆ ಎಂದು ಹೇಳಿಬಿಟ್ಟಿದ್ದೇನೆ, ತಪ್ಪಾಗಿದೆ, ಈಗ ಅವರಿಂದ ಕಿತ್ತುಕೊಳ್ಳಲಾರೆ ಎಂದರು. ಕಿತ್ತುಕೊಳ್ಳಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಆಕೆಯೂ ನನ್ನಂತೆಯೇ ಗಂಟೆಯ ಲೆಕ್ಕದಲ್ಲಿ ಬದುಕುವವಳು. ‘10ರಿಂದ ಐದೂ ಶಿಫ್ಟ್ ಎಂದು ನೀವು ಒಪ್ಪಿದ ಸಂದೇಶ ಇದೆ ಮೇಡಂ. ಆ ಎರಡನ್ನು ಇದೇ ತಿಂಗಳಲ್ಲಿ ಬೇರೆ ಕಡೆ ತುಂಬಿಕೊಡಿ, ಹದಿನಾರು ಆಗಬೇಕು’ ಎಂದೆ. ಅವರು ಸಂದೇಶ ತೆರೆದು ನೋಡಿರಬೇಕು, ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಶನಿವಾರ ಅರ್ಧದಷ್ಟು ಜನರಿಂದ ನಡೆಯುವ ಫೋನ್ ಸಾಲೊಂದಿದೆ. 15 ಮತ್ತು 22ರ ಶನಿವಾರಗಳನ್ನು ನನಗೆ ಕೊಟ್ಟರು. ಅದನ್ನೂ ಆಗಲೇ ಬರೆದು ಕಳಿಸಿ ‘ಸರಿ’ ಪಡೆದೆ.

ಶುಕ್ರವಾರದ ಆ ನಡುವಿನ ಶಿಫ್ಟ್ ಎಷ್ಟು ಬೆಲೆಬಾಳಿತೆಂದು ಆಗ ಗೊತ್ತಾಯಿತು. ನಾನು ಕೆಲಸಕ್ಕೆ ಮರಳಿದ್ದು 12ರಂದು. 30ರಂದು ಹೋಗದಿದ್ದರೆ 24ರಿಂದ 11ರವರೆಗೆ ಹದಿನೆಂಟು ದಿನ ಒಂದೂ ಶಿಫ್ಟ್ ಇಲ್ಲದೆ, ಹೆಸರು ಎಂದೋ ಪಟ್ಟಿಯಿಂದ ಬಿದ್ದುಹೋಗಿರುತ್ತಿತ್ತು. ಶನಿವಾರಗಳನ್ನು ಕೇಳಲು ಕೂಡ ದಾರಿಯಿರುತ್ತಿರಲಿಲ್ಲ.

ಒಟ್ಟು ಕಳೆದುಕೊಂಡದ್ದು ಒಂಬತ್ತು ಶಿಫ್ಟ್, ಮೂವತ್ತಾರು ಗಂಟೆಯ ಸಂಬಳ, ಜೊತೆಗೆ ಎರಡು ಶನಿವಾರಗಳ ಮಧ್ಯಾಹ್ನ. ಮುಂದಿನ ಮೂರು ತಿಂಗಳು ಪ್ರತಿ ಗುರುವಾರ ಒಂದು ಪುಟ್ಟ ಪುಸ್ತಕದಲ್ಲಿ ನನ್ನ ಶಿಫ್ಟ್‌ಗಳ ಸಂಖ್ಯೆ ಬರೆದಿಟ್ಟೆ, ಸದ್ದಿಲ್ಲದ ಕಡಿತ ಮತ್ತೆ ಶುರುವಾದರೆ ಎರಡನೇ ವಾರಕ್ಕೇ ತಿಳಿಯಲಿ ಎಂದು. ಐದು, ಐದು, ಐದು, ಒಂದು ವಾರ ನಾಲ್ಕು, ಮತ್ತೆ ಐದು. ಆ ನಾಲ್ಕಿನ ವಾರ ಪಕ್ಕದವರನ್ನು ಕೇಳಿದೆ. ಅವರೆಲ್ಲರಿಗೂ ನಾಲ್ಕೇ ಇದ್ದವು.

ಕಳೆದ ತಿಂಗಳು, ನನ್ನ ಬದಲಿಗೆ ಬಂದಿದ್ದ ಬೆಳಗಿನ ಪಾಳಿಯ ಆಕೆಯೇ ಬಂದು ನನ್ನ ಪಕ್ಕ ಕುಳಿತಳು. ತಂಗಿಯ ಹೆರಿಗೆಗೆ ಎರಡು ವಾರ ಬೇಕಾಗಿದೆ, ಹೇಗೆ ಕೇಳಲಿ ಎಂದಳು. ಒಪ್ಪಂದದ ಕೊನೆಯ ಪುಟ ಓದಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಅವಳ ಮೊಬೈಲ್‌ನಲ್ಲಿ ಕ್ಯಾಲೆಂಡರ್ ತೆರೆದೆವು. ಹೆರಿಗೆಯ ದಿನಾಂಕವನ್ನು ಶಸ್ತ್ರಚಿಕಿತ್ಸೆಯಂತೆ ಆರಿಸಿಕೊಳ್ಳಲು ಬರುವುದಿಲ್ಲ, ಹಾಗಾಗಿ ನನ್ನ ಸಂದೇಶ ಅವಳಿಗೆ ಹಾಗೆಯೇ ಹೊಂದುವುದಿಲ್ಲ. ಎರಡು ದಿನಾಂಕಗಳ ನಡುವೆ ಯಾವಾಗ ಬೇಕಾದರೂ ಶುರುವಾಗಬಹುದು, ಶುರುವಾದ ದಿನವೇ ತಿಳಿಸುತ್ತೇನೆ, ಅಲ್ಲಿಂದ ಹತ್ತು ಶಿಫ್ಟ್ ಎಂದು ಬರೆದೆವು. ನಡುವೆ ಒಂದು ಶಿಫ್ಟ್ ಎಲ್ಲಿ ಹಾಕಬಹುದು ಎಂದು ಇನ್ನೂ ಹುಡುಕುತ್ತಿದ್ದೇವೆ.